ಅರ್ಧ ಸ್ಕ್ರೀನ್‌ನಲ್ಲಿ ವೃತ್ತ ಮೊಟ್ಟೆಯಾದರೆ: ಒಂದು ಅಲ್ಟ್ರಾವೈಡ್, ಎರಡು ಕಂಪ್ಯೂಟರ್, ದೋಷ ಹುಡುಕುವ ಬಗೆ

ನನ್ನದು 34 ಇಂಚಿನ ಅಲ್ಟ್ರಾವೈಡ್ ಮಾನಿಟರ್, 3440×1440. ಮಂಗಳೂರಿನ ಕದ್ರಿಯಲ್ಲಿ ನಮ್ಮ ಬಾಡಿಗೆ ಮನೆಯ ಆ ಸಣ್ಣ ರೂಮಿನಲ್ಲಿ ಎರಡು ಮಾನಿಟರ್ ಇಡಲು ಜಾಗವೇ ಇಲ್ಲ. ಅದಕ್ಕೇ ಇದನ್ನು ತೆಗೆದುಕೊಂಡೆ. ಇದರ ಮೆನುವಿನಲ್ಲಿ PBP ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಪರದೆ ನಟ್ಟನಡುವೆ ಎರಡು ಪಾಲಾಗಿ, ಎಡಕ್ಕೆ ಒಂದು ಕಂಪ್ಯೂಟರ್, ಬಲಕ್ಕೆ ಇನ್ನೊಂದು ಕಾಣುತ್ತದೆ. ಎಡಕ್ಕೆ ಆಫೀಸಿನ ಲ್ಯಾಪ್‌ಟಾಪ್, ಬಲಕ್ಕೆ ನನ್ನ ಸ್ವಂತ ಡೆಸ್ಕ್‌ಟಾಪ್. ಲೆಕ್ಕಾಚಾರ ಸರಿಯೇ ಇತ್ತು.

ಆದರೆ ಆನ್ ಮಾಡಿದ ಮೊದಲ ದಿನವೇ ಎಡಗಡೆ ಅಕ್ಷರಗಳೆಲ್ಲ ಎಳೆದು ಉದ್ದ ಮಾಡಿದ ಹಾಗೆ, ಅದರ ಮೇಲೆ ಸ್ವಲ್ಪ ಮಸುಕು ಬೇರೆ. ಬಲಗಡೆ ಮಾತ್ರ ಕನ್ನಡಿ ತರ ಸ್ಪಷ್ಟ. ವಿಡಿಯೋ ಮೀಟಿಂಗ್ ನಡೆಯುವಾಗ ಹಿಂದಿನಿಂದ ಬಂದ ಹೆಂಡತಿ ನೋಡಿ, "ಇದೆಂತ, ನಿಮ್ಮ ಆಫೀಸಿನವರೆಲ್ಲ ಇಷ್ಟು ಸಪೂರ ಆಗಿದ್ದಾರೆ?" ಅಂತ ಕೇಳಿದಳು. ನಾನು ಡ್ರೈವರ್ ಮೇಲೆ ಸಂಶಯಪಟ್ಟು ಅರ್ಧ ಭಾನುವಾರ ಕಳೆದೆ. ತಪ್ಪು ಅಲ್ಲಿ ಇರಲೇ ಇಲ್ಲ. ನಾನು ಮಾಡಿದ ಕ್ರಮದಲ್ಲಿ ಮಾಡಬೇಡಿ, ಇಲ್ಲಿ ಬರೆದ ಕ್ರಮದಲ್ಲಿ ಮಾಡಿ.

ಮೊದಲು ವೃತ್ತ ಬರೆದು ಅಳೆಯಿರಿ

ಕಣ್ಣಂದಾಜು ಬೇಡ. ಕೆಟ್ಟಿರುವ ಕಡೆಯ ಕಂಪ್ಯೂಟರ್‌ನಲ್ಲಿ ಪೇಂಟ್ ತೆರೆಯಿರಿ, ವೃತ್ತದ ಆಕಾರ ಆರಿಸಿ, ಶಿಫ್ಟ್ ಒತ್ತಿ ಹಿಡಿದು ಎಳೆಯಿರಿ. ಶಿಫ್ಟ್ ಒತ್ತಿದ್ದರೆ ಅದು ಪಕ್ಕಾ ವೃತ್ತವೇ ಆಗಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಅಳತೆ ಕಾಣುತ್ತದೆ, ಸುಮಾರು 600×600 ಪಿಕ್ಸೆಲ್ ಬರುವವರೆಗೆ ಎಳೆದರೆ ಸಾಕು. ಈಗ ಮಕ್ಕಳ ಕಂಪಾಸ್ ಬಾಕ್ಸಿನಿಂದ ಪ್ಲಾಸ್ಟಿಕ್ ಸ್ಕೇಲ್ ತಂದು ಪರದೆಗೆ ಮೆಲ್ಲಗೆ ಹಿಡಿದು ಅಗಲ ಎಷ್ಟು, ಎತ್ತರ ಎಷ್ಟು ಅಂತ ಬರೆದುಕೊಳ್ಳಿ. ಸ್ಟೀಲ್ ಸ್ಕೇಲ್ ಬೇಡ ಮಾರಾಯ್ರೆ, ಗೀರು ಬಿದ್ದರೆ ಆಮೇಲೆ ನನ್ನನ್ನು ಬೈಯಬೇಡಿ.

ನನ್ನ ಬಲಗಡೆ 14 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರ ಬಂತು. ಎಡಗಡೆ ಅಗಲ ಹನ್ನೆರಡೂವರೆ, ಎತ್ತರ ಹದಿನೆಂಟೂವರೆ. ಎತ್ತರವನ್ನು ಅಗಲದಿಂದ ಭಾಗಿಸಿ: 1.48. ನಿಮ್ಮ ವೃತ್ತದ ಗಾತ್ರ ಬೇರೆ ಇದ್ದರೂ ಪರವಾಗಿಲ್ಲ, ಬೇಕಾದದ್ದು ಈ ಭಾಗಲಬ್ಧ ಮಾತ್ರ.

ಇದು ಯಾಕೆ ಮುಖ್ಯ ಅಂದರೆ, ಕಂಪ್ಯೂಟರ್ ಯಾವ ಆಕಾರದ ಚಿತ್ರ ಕಳಿಸುತ್ತಿದೆ ಅಂತ ಈ ಒಂದೇ ಸಂಖ್ಯೆ ಹೇಳಿಬಿಡುತ್ತದೆ. 3440ರ ಅರ್ಧ 1720. ಅಂದರೆ ಪ್ರತಿ ಪಾಲು 1720×1440, ಹೆಚ್ಚುಕಡಿಮೆ ಚೌಕ. ಅದರೊಳಗೆ ಟಿವಿ ಆಕಾರದ ಚಿತ್ರವನ್ನು, ಅಂದರೆ 1920×1080 ಅನ್ನು ತುರುಕಿದರೆ ಅಡ್ಡಕ್ಕೆ 1920 ಇದ್ದದ್ದು 1720ಕ್ಕೆ ಒತ್ತಿಕೊಳ್ಳುತ್ತದೆ, ಉದ್ದಕ್ಕೆ 1080 ಇದ್ದದ್ದು 1440ಕ್ಕೆ ಎಳೆದುಕೊಳ್ಳುತ್ತದೆ. ವೃತ್ತ ಸುಮಾರು ಒಂದೂವರೆ ಪಟ್ಟು ಎತ್ತರದ ಮೊಟ್ಟೆಯಾಗುತ್ತದೆ. ನನ್ನ 1.48 ಅದೇ. ಒಂದುವೇಳೆ ಕಂಪ್ಯೂಟರ್ ಇಡೀ ಪರದೆಯ 3440×1440 ಚಿತ್ರವನ್ನೇ ಕಳಿಸುತ್ತಿದ್ದರೆ ಅಗಲ ಸರಿಯಾಗಿ ಅರ್ಧಕ್ಕೆ ಇಳಿದು, ಭಾಗಲಬ್ಧ 2 ಬರುತ್ತದೆ. 1 ಬಂದರೆ ಆಕಾರ ಸರಿ ಇದೆ, ತೊಂದರೆ ಬೇರೆ ಏನೋ. ಒಂದೂವರೆಯ ದಾರಿ ಬೇರೆ, ಎರಡರ ದಾರಿ ಬೇರೆ, ಅದಕ್ಕೇ ಮೊದಲು ಅಳೆಯಿರಿ ಅಂದದ್ದು.

49 ಇಂಚಿನ 5120×1440 ಮಾನಿಟರ್ ಇರುವವರಿಗೆ ಈ ಪರೀಕ್ಷೆ ಕೈಕೊಡುತ್ತದೆ. ಅದರ ಅರ್ಧ 2560×1440, ಅದು ಟಿವಿ ಆಕಾರವೇ. 1920×1080 ಬಂದರೂ ವೃತ್ತ ವೃತ್ತವಾಗಿಯೇ ಉಳಿಯುತ್ತದೆ, ಅಕ್ಷರ ಮಾತ್ರ ಮಸುಕು. ಅವರು ಸೀದಾ ಮುಂದಿನ ಹಂತಕ್ಕೆ ಹೋಗಿ.

ವಿಂಡೋಸ್ ಹೇಳುವ ಎರಡು ಸಾಲು

`Settings > System > Display > Advanced display` ತೆರೆದು, ಮೇಲಿನ ಪಟ್ಟಿಯಲ್ಲಿ ಆ ಮಾನಿಟರ್ ಆರಿಸಿ. ವಿಂಡೋಸ್ 11ರಲ್ಲಿ ಅಲ್ಲಿ `Desktop mode` ಅಂತ ಒಂದು ಸಾಲು, `Active signal mode` ಅಂತ ಇನ್ನೊಂದು ಸಾಲು ಇರುತ್ತದೆ. ಮೊದಲನೆಯದು ವಿಂಡೋಸ್ ತನ್ನೊಳಗೆ ಚಿತ್ರ ಬರೆಯುವ ಅಳತೆ. ಎರಡನೆಯದು ಕೇಬಲ್‌ನಲ್ಲಿ ನಿಜವಾಗಿ ಹರಿಯುವ ಅಳತೆ. ಎರಡೂ ನಿಮ್ಮ ಅರ್ಧ ಪರದೆಯ ಅಳತೆಯೇ ಇರಬೇಕು, ನನ್ನದರಲ್ಲಿ ಅದು 1720 × 1440. ಮೊದಲನೆಯದು ಸರಿ ಇದ್ದು ಎರಡನೆಯದು ಬೇರೆ ಇದ್ದರೆ ಮಧ್ಯದಲ್ಲಿ ಗ್ರಾಫಿಕ್ಸ್ ಚಿಪ್ ಚಿತ್ರವನ್ನು ಎಳೆದು ಹೊಂದಿಸುತ್ತಿದೆ ಅಂತ ಅರ್ಥ, ಆಗ ಮಸುಕು ಬಂದೇ ಬರುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡೂ 1920 × 1080. ಸರಿ, ರೆಸಲ್ಯೂಶನ್ ಪಟ್ಟಿ ತೆರೆದು 1720 × 1440 ಆರಿಸೋಣ ಅಂತ ನೋಡಿದರೆ ಆ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮೇಲೆ ಇದ್ದದ್ದೇ 1920 × 1080.

ಈ ಜಾಗದಲ್ಲಿ ಹೆಚ್ಚಿನವರು ಮಾಡುವ ಒಂದು ಕೆಲಸ ನಾನೂ ಮಾಡಿದೆ. ಮಾನಿಟರ್ ಮೆನುವಿನಲ್ಲಿ ಚಿತ್ರದ ಆಕಾರ ಉಳಿಸಿಕೊಳ್ಳುವ ಆಯ್ಕೆ ಇರುತ್ತದೆ, ನನ್ನದರಲ್ಲಿ ಅದು `Aspect`. ಅದನ್ನು ಹಾಕಿದ ಕೂಡಲೇ ಮೊಟ್ಟೆ ಮತ್ತೆ ವೃತ್ತವಾಯಿತು, ಆಫೀಸಿನವರೆಲ್ಲ ಮತ್ತೆ ದಪ್ಪಗಾದರು. ಖುಷಿಯಾಯಿತು. ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಸ್ಕೇಲ್ ಇಟ್ಟು ನೋಡಿದರೆ ಒಂದೊಂದು ಪಟ್ಟಿ ಸುಮಾರು ಐದೂವರೆ ಸೆಂ.ಮೀ. 1440 ಸಾಲುಗಳಲ್ಲಿ ಚಿತ್ರಕ್ಕೆ ಸಿಕ್ಕಿದ್ದು 967 ಮಾತ್ರ, ಅಂದರೆ ಮೂರನೇ ಒಂದು ಪಾಲು ಎತ್ತರ ಹಾಳು. ಮಸುಕು ಕೂಡ ಹೋಗಲಿಲ್ಲ, ಯಾಕೆಂದರೆ 1920 ಚುಕ್ಕಿಗಳನ್ನು 1720ರಲ್ಲಿ ಕೂರಿಸುವ ಕೆಲಸ ಇನ್ನೂ ನಡೆಯುತ್ತಲೇ ಇದೆ. ಇದು ರೋಗ ಮುಚ್ಚುವ ಮದ್ದು. ದೋಷ ಹುಡುಕುವಾಗ ಈ ಆಯ್ಕೆಯನ್ನು ಪೂರ್ತಿ ಎಳೆಯುವ ಸ್ಥಿತಿಯಲ್ಲೇ ಬಿಡಿ, ಇಲ್ಲದಿದ್ದರೆ ವೃತ್ತದ ಪರೀಕ್ಷೆ ಸುಳ್ಳು ಹೇಳುತ್ತದೆ.

ಯಾರು ತಪ್ಪಿತಸ್ಥ? ಒಂದೊಂದಾಗಿ ಬದಲಿಸಿ

ನನ್ನ ಲ್ಯಾಪ್‌ಟಾಪ್ ತೆಳ್ಳಗಿನದು, ಅದರಲ್ಲಿ ಎಚ್‌ಡಿಎಂಐ ತೂತೇ ಇಲ್ಲ, ಎರಡು ಯುಎಸ್‌ಬಿ-ಸಿ ಮಾತ್ರ. ಹಾಗಾಗಿ ದಾರಿ ಹೀಗಿತ್ತು: ಲ್ಯಾಪ್‌ಟಾಪ್, ಅದಕ್ಕೆ ಒಂದು ಯುಎಸ್‌ಬಿ-ಸಿ ಅಡಾಪ್ಟರ್, ಅಲ್ಲಿಂದ ಎಚ್‌ಡಿಎಂಐ ಕೇಬಲ್, ಕೊನೆಗೆ ಮಾನಿಟರ್‌ನ ಎಚ್‌ಡಿಎಂಐ ತೂತು. ನಾಲ್ಕು ಜನ ಸಂಶಯಿತರು.

ನೆನಪಿಡಿ, ಮಾನಿಟರ್ ಮೆನುವಿನಲ್ಲಿ ಎಡ ಬಲ ಅದಲುಬದಲು ಮಾಡುವ ಆಯ್ಕೆ ಇದ್ದರೂ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದು ಚಿತ್ರದ ಜಾಗ ಬದಲಿಸುತ್ತದೆ, ಕೇಬಲ್ ಬದಲಿಸುವುದಿಲ್ಲ. ಕೈಯಿಂದ ಕಿತ್ತು ಹಾಕಲೇಬೇಕು.

ಪಿಬಿಪಿ ಆನ್ ಇರುವಾಗಲೇ ನಾನು ಅಡಾಪ್ಟರ್‌ನಿಂದ ಎಚ್‌ಡಿಎಂಐ ಕೇಬಲ್ ಎಳೆದು, ಅದೇ ತುದಿಯನ್ನು ಡೆಸ್ಕ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದೆ. ಡೆಸ್ಕ್‌ಟಾಪ್ ಮೊದಲೇ ಡಿಸ್‌ಪ್ಲೇಪೋರ್ಟ್‌ನಲ್ಲಿ ಬಲಗಡೆಗೆ ಸೇರಿತ್ತು, ಈಗ ಎಚ್‌ಡಿಎಂಐಯಲ್ಲಿ ಎಡಗಡೆಗೂ ಸೇರಿತು. ಅದು ತನಗೆ ಎರಡು ಮಾನಿಟರ್ ಇದೆ ಅಂದುಕೊಂಡಿತು, ತೊಂದರೆ ಇಲ್ಲ. ಎಡಗಡೆ ತಟ್ಟನೆ ಸ್ಪಷ್ಟ! ಪಟ್ಟಿಯಲ್ಲಿ `1720 × 1440 (Recommended)`. ಅಲ್ಲಿಗೆ ಕೇಬಲ್ ಮತ್ತು ಮಾನಿಟರ್ ಎರಡೂ ನಿರಪರಾಧಿ. ಉಳಿದದ್ದು ಅಡಾಪ್ಟರ್ ಮತ್ತು ಲ್ಯಾಪ್‌ಟಾಪ್.

ತಂಗಿ ಉಡುಪಿಯಿಂದ ಬಂದಿದ್ದಳು, ಅವಳ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. "ಒಂದು ಹತ್ತು ನಿಮಿಷ ಕೊಡು" ಅಂದೆ. "ಕೊಡ್ತೇನೆ, ಆದ್ರೆ ಅಣ್ಣ, ಎಂತದೂ ಇನ್‌ಸ್ಟಾಲ್ ಮಾಡ್ಬೇಡ" ಅಂದಳು. ನನ್ನ ಅದೇ ಅಡಾಪ್ಟರನ್ನು ಅವಳ ಲ್ಯಾಪ್‌ಟಾಪ್‌ಗೆ ಹಾಕಿದರೆ ಅಲ್ಲೂ ಅದೇ ಕಥೆ, 1920×1080ಕ್ಕಿಂತ ಮೇಲೆ ಏನೂ ಇಲ್ಲ. ಕಂಪ್ಯೂಟರ್ ಬೇರೆ, ಆಪರೇಟಿಂಗ್ ಸಿಸ್ಟಮ್ ಬೇರೆ, ದೋಷ ಮಾತ್ರ ಅಡಾಪ್ಟರ್ ಹಿಂದೆಯೇ ಬಂತು. ಇಲ್ಲಿಗೆ ನಿಲ್ಲಿಸಬಹುದಿತ್ತು.

ಅರ್ಧ ಪರದೆ ಅಂದರೆ ಕಡಿಮೆ ಅಲ್ಲ

ನನಗೆ ಒಂದು ವಿಷಯ ಸಮಾಧಾನ ಆಗಲಿಲ್ಲ. ಅಡಾಪ್ಟರ್ ಮೇಲೆ 1080p ಅಂತ ಬರೆದಿತ್ತು ನಿಜ, ಆದರೆ ನಾನು ಕೇಳುತ್ತಿರುವುದು ಅರ್ಧ ಪರದೆ ತಾನೇ? ಇಡೀ 1080p ಹೊರುವವನಿಗೆ ಅರ್ಧ ಹೊರಲು ಏನು ಕಷ್ಟ?

ಗುಣಿಸಿ ನೋಡಿ. 1920×1080 ಅಂದರೆ 20 ಲಕ್ಷ 73 ಸಾವಿರ ಚುಕ್ಕಿ. 1720×1440 ಅಂದರೆ 24 ಲಕ್ಷ 76 ಸಾವಿರ. ಅರ್ಧ ಪರದೆಯೇ ಇಡೀ ಫುಲ್ ಎಚ್‌ಡಿಗಿಂತ ದೊಡ್ಡದು. ಅದರ ಮೇಲೆ ಕೇಬಲ್‌ನಲ್ಲಿ ಕಾಣುವ ಚುಕ್ಕಿಗಳು ಮಾತ್ರ ಹೋಗುವುದಿಲ್ಲ, ಪ್ರತಿ ಸಾಲಿನ ಕೊನೆಗೆ ಮತ್ತು ಪ್ರತಿ ಚಿತ್ರದ ಕೊನೆಗೆ ಸ್ವಲ್ಪ ಖಾಲಿ ಜಾಗವೂ ಹೋಗುತ್ತದೆ. ಆ ಖಾಲಿ ಜಾಗವನ್ನು ಕಡಿಮೆ ಇಟ್ಟುಕೊಳ್ಳುವ ಮಾಮೂಲಿ ಲೆಕ್ಕದಲ್ಲೂ 1720 ಹೋಗಿ 1880 ಆಗುತ್ತದೆ, 1440 ಹೋಗಿ 1481. ಎರಡನ್ನೂ ಗುಣಿಸಿ, ಸೆಕೆಂಡಿಗೆ 60 ಸಲ ಅಂದರೆ 16 ಕೋಟಿ 70 ಲಕ್ಷ. ಇದನ್ನೇ 167 ಮೆಗಾಹರ್ಟ್ಜ್ ಪಿಕ್ಸೆಲ್ ಕ್ಲಾಕ್ ಅನ್ನುವುದು. ಮಾಮೂಲಿ 1080p 60ಕ್ಕೆ ಬೇಕಾದದ್ದು 148.5 ಮೆಗಾಹರ್ಟ್ಜ್. ಎಚ್‌ಡಿಎಂಐಯ ಮೊದಮೊದಲ ಆವೃತ್ತಿಗಳ ಮಿತಿ 165, 1.3ರಲ್ಲಿ ಅದನ್ನು 340ಕ್ಕೆ ಏರಿಸಿದರು. ಹಳೇ 165ರ ಮಿತಿಯಲ್ಲೇ ನಿಂತ ಅಡಾಪ್ಟರ್ ಆದರೆ, ನಮ್ಮ ಅರ್ಧ ಪರದೆ ಬರೀ 2 ಮೆಗಾಹರ್ಟ್ಜ್‌ನಲ್ಲಿ ತಪ್ಪಿಹೋಗುತ್ತದೆ! ಹೊಸಿಲು ದಾಟುವಾಗ ಕಾಲು ತಾಗಿದ ಹಾಗೆ.

ಇದು ನಿಜವಾ ಅಂತ ತಂಗಿಯ ಲ್ಯಾಪ್‌ಟಾಪ್‌ನಲ್ಲೇ ಪರೀಕ್ಷಿಸಿದೆ (ಏನೂ ಇನ್‌ಸ್ಟಾಲ್ ಮಾಡಲಿಲ್ಲ). ಎಕ್ಸ್11 ಸೆಶನ್‌ನಲ್ಲಿ ಲಾಗಿನ್ ಆಗಿದ್ದರೆ ಮಾತ್ರ ಇದು ನಡೆಯುತ್ತದೆ, ವೇಲ್ಯಾಂಡ್‌ನಲ್ಲಿ ಅಲ್ಲ. `xrandr` ಅಂತ ಮಾತ್ರ ಕೊಟ್ಟರೆ ನಿಮ್ಮ ಔಟ್‌ಪುಟ್ ಹೆಸರು ಕಾಣುತ್ತದೆ, ಅವಳದ್ದು `DP-1`.

```
xrandr --newmode "half60" 167.00 1720 1768 1800 1880 1440 1443 1453 1481 +hsync -vsync
xrandr --addmode DP-1 half60
xrandr --output DP-1 --mode half60; sleep 15; xrandr --output DP-1 --auto
```

ಮೊದಲ ಸಾಲಿನ ಸಂಖ್ಯೆಗಳನ್ನು `cvt -r 1720 1440 60` ಅನ್ನುವ ಕಮಾಂಡೇ ಕೊಡುತ್ತದೆ, ನಾನು ಹೆಸರು ಮಾತ್ರ ಬದಲಿಸಿದ್ದು. ಕೊನೆಯ ಸಾಲಿನ `sleep 15` ಬಿಡಬೇಡಿ. ಪರದೆ ಕಪ್ಪಾದರೆ 15 ಸೆಕೆಂಡಿನಲ್ಲಿ ತಾನೇ ಹಿಂದಿನ ಸ್ಥಿತಿಗೆ ಬರುತ್ತದೆ, ಇಲ್ಲದಿದ್ದರೆ ಕತ್ತಲಲ್ಲಿ ಟೈಪ್ ಮಾಡಬೇಕಾದೀತು.

60 ಹರ್ಟ್ಜ್‌ಗೆ ಪರದೆ ಕಪ್ಪು. ಆಮೇಲೆ `half50` ಅಂತ ಇನ್ನೊಂದು ಮಾಡಿ, 167.00 ಇದ್ದ ಜಾಗದಲ್ಲಿ 139.20 ಹಾಕಿದೆ, ಉಳಿದ ಸಂಖ್ಯೆಗಳು ಅವೇ. ಅಂದರೆ ಸೆಕೆಂಡಿಗೆ 60ರ ಬದಲು 50 ಸಲ. ಎಡಗಡೆ 1720×1440 ಬಂದೇಬಿಟ್ಟಿತು, ವೃತ್ತ 14ಕ್ಕೆ 14. ಅದೇ ಅಡಾಪ್ಟರ್, ಅದೇ ಕೇಬಲ್. ಅಡಾಪ್ಟರ್ ಕೆಟ್ಟಿರಲಿಲ್ಲ, ಅದರ ಶಕ್ತಿ ಅಷ್ಟೇ ಇತ್ತು.

ಲಿನಕ್ಸ್ ಬಳಸುವವರು ಬೇಕಾದರೆ 50 ಹರ್ಟ್ಜ್‌ನಲ್ಲೇ ಇದ್ದುಬಿಡಬಹುದು, ಬರವಣಿಗೆ ಕೆಲಸಕ್ಕೆ ಏನೂ ಗೊತ್ತಾಗುವುದಿಲ್ಲ. ಆದರೆ ಎಲ್ಲ ಮಾನಿಟರ್‌ಗಳೂ 50 ಒಪ್ಪುವುದಿಲ್ಲ. ನನ್ನದು ಆಫೀಸಿನ ವಿಂಡೋಸ್ ಲ್ಯಾಪ್‌ಟಾಪ್, ಅಡ್ಮಿನ್ ಹಕ್ಕು ಇಲ್ಲ, ಅದರಲ್ಲಿ ಇಂಥ ಆಟ ಆಡುವ ಹಾಗಿಲ್ಲ. ಹೊಸ ಅಡಾಪ್ಟರ್ ತರುವುದೇ ದಾರಿ.

ಅಡಾಪ್ಟರ್ ತರುವಾಗ

ಹಂಪನಕಟ್ಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಒಂದು ತೆಗೆದು ಕೊಟ್ಟು, "ಇದು ಫೋರ್ ಕೆ ಉಂಟು ಮಾರಾಯ್ರೆ, ಇನ್ನೆಂತ ಬೇಕು ನಿಮಗೆ?" ಅಂದರು. ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ 4K 30Hz.

ಈ 30ರದ್ದು ಪಿಬಿಪಿಗೆ ಮಾತ್ರ ಆದರೆ ಸಾಕು. 4ಕೆ 30 ಹರ್ಟ್ಜ್‌ಗೆ 297 ಮೆಗಾಹರ್ಟ್ಜ್ ಬೇಕು, ನಮ್ಮ ಅರ್ಧ ಪರದೆಗೆ ಬೇಕಾದದ್ದು 167, ಆರಾಮಾಗಿ ಹೊರುತ್ತದೆ. ಆದರೆ ಒಂದು ದಿನ ಪಿಬಿಪಿ ಆಫ್ ಮಾಡಿ ಲ್ಯಾಪ್‌ಟಾಪನ್ನೇ ಇಡೀ 3440×1440ಕ್ಕೆ ಹರಡಬೇಕು ಅಂದಾಗ 60 ಹರ್ಟ್ಜ್‌ಗೆ ಸುಮಾರು 320 ಬೇಕು. 297ರ ಮಿತಿಯವನು ಅಲ್ಲಿ ಸೋಲುತ್ತಾನೆ, ಮೌಸ್ ಎಳೆದಾಗ ತಡವರಿಸುವ 30 ಹರ್ಟ್ಜ್‌ಗೋ, ಕಡಿಮೆ ರೆಸಲ್ಯೂಶನ್‌ಗೋ ಇಳಿಯುತ್ತದೆ. ಹಾಗಾಗಿ 4K 60Hz ಅಂತ ಬರೆದದ್ದನ್ನೇ ಕೇಳಿ ತೆಗೆದುಕೊಂಡೆ. ಅದು ಬಂದ ಮೇಲೆ ಎರಡೂ ಸಾಲು 1720 × 1440, ವೃತ್ತ ವೃತ್ತ, ಮಸುಕು ಇಲ್ಲ. ಲ್ಯಾಪ್‌ಟಾಪ್‌ನ ಸ್ಕೇಲ್ 125% ಇದ್ದದ್ದನ್ನು 100% ಮಾಡಿದೆ, ಬಲಗಡೆಯ ಅಕ್ಷರದ ಗಾತ್ರಕ್ಕೆ ಎಡಗಡೆಯದ್ದೂ ಹೊಂದಿಕೊಂಡಿತು.

ಕರೆಂಟ್ ಹೋಗಿ ಬಂದ ಮೇಲೆ ಭಾಗಲಬ್ಧ 2

ಎಲ್ಲ ಸರಿಯಾಯಿತು ಅಂದುಕೊಂಡು ಒಂದು ವಾರ ಆಗಿರಲಿಲ್ಲ, ಒಂದು ರಾತ್ರಿ ಜೋರು ಸಿಡಿಲು ಮಳೆ, ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಬೆಳಿಗ್ಗೆ ನೋಡಿದರೆ ಎಡಗಡೆ ಮತ್ತೆ ಮೊಟ್ಟೆ. ಹೊಸ ಅಡಾಪ್ಟರ್ ಸುಟ್ಟುಹೋಯಿತಾ ಅಂತ ಎದೆ ಧಸಕ್ಕೆಂದಿತು. ಸ್ಕೇಲ್ ತಂದು ಅಳೆದರೆ ಅಗಲ 7, ಎತ್ತರ 14. ಭಾಗಲಬ್ಧ ಸರಿಯಾಗಿ 2. ಅಂದರೆ ಈ ಸಲ ಲ್ಯಾಪ್‌ಟಾಪ್ 3440×1440 ಕಳಿಸುತ್ತಿದೆ. 3440 ಕಳಿಸುವಷ್ಟು ಶಕ್ತಿ ಇರುವ ಅಡಾಪ್ಟರ್ ಸುಟ್ಟಿರಲು ಸಾಧ್ಯವಿಲ್ಲ ಅಲ್ವಾ?

ಇಲ್ಲಿ ಆಗಿದ್ದು ಬೇರೆ. ಪ್ರತಿ ಮಾನಿಟರ್ ಒಳಗೂ ಒಂದು ಸಣ್ಣ ಗುರುತಿನ ಚೀಟಿ ಇರುತ್ತದೆ, ಇಡಿಐಡಿ ಅನ್ನುತ್ತಾರೆ. ನನಗೆ ಇಂತಿಂಥ ಅಳತೆ ಆಗುತ್ತದೆ ಅಂತ ಅದು ಕಂಪ್ಯೂಟರ್‌ಗೆ ಹೇಳುತ್ತದೆ. ಪಿಬಿಪಿ ಆನ್ ಮಾಡಿದಾಗ ಮಾನಿಟರ್ ಈ ಚೀಟಿಯನ್ನೇ ಬದಲಿಸಿ, ಕೇಬಲ್ ಕಿತ್ತು ಮತ್ತೆ ಹಾಕಿದ ಹಾಗೆ ಒಂದು ಸೂಚನೆ ಕೊಡುತ್ತದೆ. ಆಗ ಕಂಪ್ಯೂಟರ್ ಹೊಸ ಚೀಟಿ ಓದಬೇಕು. ಮಧ್ಯದಲ್ಲಿ ಅಡಾಪ್ಟರ್, ಡಾಕ್ ಅಥವಾ ಸ್ವಿಚ್ ಇದ್ದರೆ ಆ ಸೂಚನೆ ಕೆಲವು ಸಲ ಅಲ್ಲೇ ಕಳೆದುಹೋಗುತ್ತದೆ, ಕಂಪ್ಯೂಟರ್ ಹಳೇ ಚೀಟಿ ಹಿಡಿದು ಕೂತಿರುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಅದು ರಾತ್ರಿಯಿಡೀ ಎಚ್ಚರವೇ ಇತ್ತು. ಮಾನಿಟರ್ ಮಾತ್ರ ಸತ್ತು ಹುಟ್ಟಿತ್ತು.

ಸರಿಪಡಿಸುವ ಕ್ರಮ: ಮೊದಲು ಅಡಾಪ್ಟರನ್ನೇ ಲ್ಯಾಪ್‌ಟಾಪ್‌ನಿಂದ ಕಿತ್ತುಬಿಡಿ. ಕೇಬಲ್ ಮಾತ್ರ ಕಿತ್ತರೆ ಸಾಲದು, ಅಡಾಪ್ಟರ್‌ಗೆ ಲ್ಯಾಪ್‌ಟಾಪ್‌ನಿಂದ ಕರೆಂಟ್ ಸಿಗುತ್ತಲೇ ಇರುತ್ತದೆ, ಅದರ ನೆನಪು ಹೋಗುವುದಿಲ್ಲ. ಆಮೇಲೆ ಮಾನಿಟರ್‌ನ ಪ್ಲಗ್ ಗೋಡೆಯಿಂದ ತೆಗೆದು ಒಂದು ನಿಮಿಷ ಬಿಡಿ. ಬಟನ್ ಒತ್ತಿ ಆಫ್ ಮಾಡಿದರೆ ಅದು ನಿದ್ದೆ ಅಷ್ಟೇ. ಮತ್ತೆ ಹಾಕಿ, ಪಿಬಿಪಿ ಆನ್ ಇದೆ ಅಂತ ಖಾತ್ರಿ ಮಾಡಿಕೊಂಡು, ಕೊನೆಗೆ ಅಡಾಪ್ಟರ್ ಹಾಕಿ. ಚೀಟಿ ಬದಲಾದ ಮೇಲೆಯೇ ಕಂಪ್ಯೂಟರ್ ಓದಬೇಕು, ಅದಕ್ಕಾಗಿ ಈ ಅನುಕ್ರಮ. ನನ್ನದು ಒಂದೇ ಸಲಕ್ಕೆ ಸರಿಹೋಯಿತು.

ಇನ್ನೊಂದು ಚಿಕ್ಕ ಮಾತು. ಮೆನುವಿನಲ್ಲಿ PBP ಆಯ್ಕೆಯೇ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಆಗದಿದ್ದರೆ ಮಾನಿಟರ್ ಕೆಟ್ಟಿಲ್ಲ. ಅಡಾಪ್ಟಿವ್ ಸಿಂಕ್ ಅಥವಾ ಎಚ್‌ಡಿಆರ್ ಆನ್ ಇರುವಾಗ ಹಲವು ಮಾಡೆಲ್‌ಗಳು ಪಿಬಿಪಿ ಬಿಡುವುದಿಲ್ಲ. ಅವೆರಡನ್ನೂ ಆಫ್ ಮಾಡಿ, ರಿಫ್ರೆಶ್ 60ಕ್ಕೆ ಇಳಿಸಿ ನೋಡಿ.

ಡೆಸ್ಕ್‌ಟಾಪ್‌ನ ಝೋನ್‌ಗಳು ಯಾಕೆ ಕೆಟ್ಟವು

ಎಡಗಡೆ ಸರಿಯಾದ ಮೇಲೆ ಬಲಗಡೆಯ ಗಲಾಟೆ ಕಣ್ಣಿಗೆ ಬಿತ್ತು. ಡೆಸ್ಕ್‌ಟಾಪ್‌ನಲ್ಲಿ ಪವರ್‌ಟಾಯ್ಸ್‌ನ ಫ್ಯಾನ್ಸಿಝೋನ್ಸ್ ಇದೆ. ಇಡೀ ಪರದೆಯನ್ನು ನಾನು ಮೂರು ಕಂಬವಾಗಿ ಪಾಲು ಮಾಡಿದ್ದೆ: ಎರಡು ಬದಿಗೆ 860, ನಡುವೆ 1720. ಶಿಫ್ಟ್ ಹಿಡಿದು ಕಿಟಕಿ ಎಳೆದರೆ ಆ ಕಂಬದಲ್ಲಿ ಹೋಗಿ ಕೂರುತ್ತದೆ. ಪಿಬಿಪಿ ಆನ್ ಮಾಡಿದ ಕೂಡಲೇ ಡೆಸ್ಕ್‌ಟಾಪ್‌ಗೆ ಉಳಿದದ್ದೇ 1720. ಅದೇ ಮೂರು ಕಂಬ ಅದೇ ಅನುಪಾತದಲ್ಲಿ ಕುಗ್ಗಿ 430, 860, 430 ಆಯಿತು. 430ರಲ್ಲಿ ಯಾವ ಕಿಟಕಿ ತಾನೇ ಹಿಡಿಸುತ್ತದೆ? ಹಲವು ಪ್ರೋಗ್ರಾಂಗಳಿಗೆ ಒಂದು ಕನಿಷ್ಠ ಅಗಲ ಇರುತ್ತದೆ, ಅದಕ್ಕಿಂತ ಸಣ್ಣ ಆಗಲು ಅವು ಒಪ್ಪುವುದಿಲ್ಲ, ಪಕ್ಕದ ಕಂಬದ ಮೇಲೆ ಮೈ ಚಾಚುತ್ತವೆ. ನೋಡಿದವರಿಗೆ ಫ್ಯಾನ್ಸಿಝೋನ್ಸ್ ಕೆಟ್ಟಿದೆ ಅನ್ನಿಸುತ್ತದೆ.

ಮೂರು ಕಂಬವನ್ನೇ ಹಿಡಿದುಕೊಂಡು ಅಗಲ ಹೊಂದಿಸಲು ಒದ್ದಾಡಬೇಡಿ. ಅರ್ಧ ಪರದೆ ಹೆಚ್ಚುಕಡಿಮೆ ಚೌಕ ಅಂದೆನಲ್ಲ, ಅದನ್ನು ಅಡ್ಡಡ್ಡ ಕತ್ತರಿಸಿ. ನಾನು ಮೇಲೆ ಸುಮಾರು ಮೂರನೇ ಎರಡು ಪಾಲು ಕೆಲಸದ ಕಿಟಕಿಗೆ, ಕೆಳಗೆ ಒಂದು ಪಾಲು ಟರ್ಮಿನಲ್‌ಗೋ ವಾಟ್ಸಾಪ್‌ಗೋ ಇಟ್ಟೆ. ಎರಡಕ್ಕೂ 1720 ಪೂರ್ತಿ ಅಗಲ ಸಿಗುತ್ತದೆ.

ವಿಂಡೋಸ್ ಕೀ, ಶಿಫ್ಟ್ ಮತ್ತು ಬ್ಯಾಕ್‌ಟಿಕ್ ಒಟ್ಟಿಗೆ ಒತ್ತಿದರೆ ಎಡಿಟರ್ ತೆರೆಯುತ್ತದೆ. ಎರಡು ಲೇಔಟ್ ಮಾಡಿ, ಮೂರು ಕಂಬದ್ದಕ್ಕೆ 1, ಅಡ್ಡ ಕತ್ತರಿಸಿದ್ದಕ್ಕೆ 2 ಅಂತ ಶಾರ್ಟ್‌ಕಟ್ ಸಂಖ್ಯೆ ಕೊಡಿ. ಆಮೇಲೆ `Win + Ctrl + Alt + 2` ಒತ್ತಿದರೆ ಲೇಔಟ್ ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ `Keep windows in their zones when the screen resolution changes` ಅನ್ನುವುದಕ್ಕೆ ಟಿಕ್ ಹಾಕಿ. ಆದರೂ ಕೆಲವು ಮಾನಿಟರ್‌ಗಳು ಪಿಬಿಪಿಯಲ್ಲಿ ಎಷ್ಟು ಬೇರೆ ಚೀಟಿ ತೋರಿಸುತ್ತವೆ ಅಂದರೆ ವಿಂಡೋಸ್ ಅದನ್ನು ಹೊಸ ಮಾನಿಟರ್ ಅಂತಲೇ ತಿಳಿಯುತ್ತದೆ, ಆಗ ಆ ಟಿಕ್ ಕೆಲಸಕ್ಕೆ ಬರುವುದಿಲ್ಲ, ಶಾರ್ಟ್‌ಕಟ್ ಒತ್ತುವುದೇ ಗತಿ.

ಒಂದೇ ಒಂದು ಕಿಟಕಿ ಮಾತ್ರ ಎಷ್ಟು ಎಳೆದರೂ ಝೋನ್‌ನಲ್ಲಿ ಕೂರದಿದ್ದರೆ ಅದು ಅಡ್ಮಿನ್ ಆಗಿ ಓಡುತ್ತಿದೆಯಾ ನೋಡಿ, ಟಾಸ್ಕ್ ಮ್ಯಾನೇಜರ್ ಇದಕ್ಕೆ ಒಳ್ಳೆಯ ಉದಾಹರಣೆ. ಪವರ್‌ಟಾಯ್ಸ್ ಮಾಮೂಲಿಯಾಗಿ ಓಡುತ್ತಿದ್ದರೆ ಅಡ್ಮಿನ್ ಕಿಟಕಿಯನ್ನು ಮುಟ್ಟಲು ಅದಕ್ಕೆ ಅಧಿಕಾರ ಇಲ್ಲ. ಪವರ್‌ಟಾಯ್ಸನ್ನೂ ಅಡ್ಮಿನ್ ಆಗಿ ಓಡಿಸಿದರೆ ಆ ಕಿಟಕಿಯೂ ಕೂರುತ್ತದೆ.

ಹಳೇ ಅಡಾಪ್ಟರ್ ಈಗ ಹಾಲ್‌ನ ಟಿವಿ ಹಿಂದೆ ಇದೆ. ಅದು 1080p ಟಿವಿ, ಅಲ್ಲಿ ಒಂದು ದಿನವೂ ತಕರಾರು ಮಾಡಿಲ್ಲ.